ಮೊದಲ ನಾನ್‌ಫಿಕ್ಷನ್ ಪುಸ್ತಕ: ಪ್ರಕಾಶಕರಿಗೆ ಕೊಡೋದಾ, ನಾವೇ ತರೋದಾ?

ಮೊದಲ ಪುಸ್ತಕ ಬರೆದು ಮುಗಿಸ್ತಾ ಇರೋರು ಯಾರ ಹತ್ರ ಸಲಹೆ ಕೇಳಿದ್ರೂ ಮೊದಲು ಕಿವಿಗೆ ಬೀಳೋದು ಪರ್ಸೆಂಟೇಜ್ ಲೆಕ್ಕ. ಪ್ರಕಾಶಕರು ಪೇಪರ್‌ಬ್ಯಾಕ್‌ಗೆ ಕೊಡೋ ರಾಯಲ್ಟಿ ಬೆಲೆಯ ಏಳೂವರೆ ಪರ್ಸೆಂಟ್ ಆಸುಪಾಸು, ನಾವೇ ಅಮೆಜಾನ್‌ನ ಸ್ವಂತ ಪ್ರಕಟಣೆ ಸೇವೆ ಕೆಡಿಪಿಲಿ ಹಾಕಿದ್ರೆ 60 ಪರ್ಸೆಂಟ್, ಹಾಗಿದ್ಮೇಲೆ ಪ್ರಕಾಶಕರ ಬಾಗಿಲು ಯಾಕೆ ಕಾಯ್ಬೇಕು ಅಂತ. ಎರಡು ಅಂಕಿನೂ ನಿಜಾನೇ, ಆದ್ರೆ ಅಕ್ಕಪಕ್ಕ ಇಟ್ಟು ಹೋಲಿಸೋ ಹಾಗಿಲ್ಲ. ಏಳೂವರೆ ಅನ್ನೋದು ಖರ್ಚೆಲ್ಲ ಬೇರೆಯೋರು ಹಾಕಿದ್ಮೇಲೆ ನಮ್ಮ ಕೈಗೆ ಬರೋ ದುಡ್ಡು. 60ರಲ್ಲಿ ಪ್ರಿಂಟಿಂಗ್ ಖರ್ಚು ಇನ್ನೂ ಕಳೀಬೇಕು (ಕಡಿಮೆ ಬೆಲೆಯ ಪುಸ್ತಕ ಆದ್ರೆ ಕೆಡಿಪಿಯ ಆ 60 ಈಗ 50ಕ್ಕೆ ಇಳಿಯತ್ತೆ), ಮತ್ತೆ ಪುಸ್ತಕ ಅಲ್ಲಿಗೆ ತಲುಪೋಕೆ ಮುಂಚೆನೇ ಎಡಿಟಿಂಗ್, ಪುಟವಿನ್ಯಾಸ, ಮುಖಪುಟ ಅಂತ ನಮ್ಮ ಜೇಬಿಂದ ಹೋಗಿರೋದು ಬೇರೆ ಇರತ್ತೆ.

ನನ್ನ ಪ್ರಕಾರ ನಾನ್‌ಫಿಕ್ಷನ್ ಬರೆಯೋರು ಮೊದಲು ಕೇಳ್ಕೋಬೇಕಾದ ಪ್ರಶ್ನೆ ಪರ್ಸೆಂಟೇಜ್ ಅಲ್ಲ, ಪುಸ್ತಕ ಕೊಳ್ಳೋ ಮೊದಲ ಕೆಲವು ನೂರು ಜನ ಎಲ್ಲಿಂದ ಬರ್ತಾರೆ, ಅವ್ರ ಕೈಗೆ ಪುಸ್ತಕ ಕೊಡೋರು ಯಾರು, ಅಂಗಡಿಯೋರಾ ಅಥವಾ ನೀವೇನಾ ಅನ್ನೋದು. ಇದಕ್ಕೆ ಉತ್ತರ ಸಿಕ್ಕಿದ್ರೆ ಉಳಿದ ಲೆಕ್ಕ ತಾನಾಗೇ ಕೂತ್ಕೊಳ್ಳತ್ತೆ, ಆದ್ರೆ ಕೂತ್ಕೊಳ್ಳೋ ರೀತಿ ಸಾಮಾನ್ಯವಾಗಿ ಜನ ಹೇಳೋ ತರ ಇರಲ್ಲ.

ಒಂದು ಉದಾಹರಣೆ ಇಟ್ಕೊಂಡೇ ಮಾತಾಡೋಣ. ಒಬ್ಬ ಫಿಸಿಯೋಥೆರಪಿಸ್ಟ್ ಇದ್ದಾರೆ ಅನ್ಕೊಳ್ಳಿ, ಕೂತು ಕೆಲಸ ಮಾಡೋರ ಬೆನ್ನುನೋವಿನ ಬಗ್ಗೆ 240 ಪುಟದ ಪುಸ್ತಕ ಬರ್ದಿದ್ದಾರೆ. ವರ್ಷಕ್ಕೆ ಸುಮಾರು 20 ವರ್ಕ್‌ಶಾಪ್ ನಡೆಸ್ತಾರೆ, ಒಂದೊಂದಕ್ಕೆ 25 ಜನ, ಅಂದ್ರೆ ವರ್ಷಕ್ಕೆ 500 ಜನ ಇವ್ರ ಎದುರಿಗೆ ಕೂತಿರ್ತಾರೆ. ಮೂರಲ್ಲಿ ಒಬ್ಬರು ಅಲ್ಲೇ ಪುಸ್ತಕ ತಗೊಂಡ್ರೆ ವರ್ಷಕ್ಕೆ ಸುಮಾರು 165 ಪ್ರತಿ. ಪುಸ್ತಕದ ಬೆಲೆ 100 ಅಂತ ಇಟ್ಕೊಳ್ಳೋಣ, ಯಾವ ದುಡ್ಡಲ್ಲಿ ಬೇಕಾದ್ರೂ ಲೆಕ್ಕ ಹಾಕ್ಕೊಳ್ಳಿ, ಅನುಪಾತ ಅಷ್ಟೇ ನಮಗೆ ಬೇಕಿರೋದು. ಮುಂದೆ ಬರೋ ಅಂಕಿಗಳೂ ಲೆಕ್ಕಕ್ಕೋಸ್ಕರ ಹಿಡಿದಿರೋವು, ನಿಮ್ಮ ಕೊಟೇಶನ್‌ಗಳು ಬಂದ್ಮೇಲೆ ಅದೇ ಜಾಗದಲ್ಲಿ ನಿಮ್ಮವನ್ನ ಹಾಕಿ ನೋಡಿ.

ಮೊದಲು ಇವ್ರು ತಾವೇ ಪ್ರಕಟಿಸಿದ್ರೆ ಏನಾಗತ್ತೆ ನೋಡೋಣ. ಇಡೀ ಪುಸ್ತಕದ ರಚನೆ ನೋಡಿ ಯಾವ ಅಧ್ಯಾಯ ಎಲ್ಲಿರ್ಬೇಕು ಏನು ಬಿಡ್ಬೇಕು ಅಂತ ಹೇಳೋ ಎಡಿಟರ್, ಆಮೇಲೆ ವಾಕ್ಯ ವಾಕ್ಯ ತಿದ್ದೋ ಕಾಪಿ ಎಡಿಟರ್, ಕೊನೇಲಿ ಕರಡು ತಿದ್ದೋರು, ಪುಟವಿನ್ಯಾಸ, ಮುಖಪುಟ, ವ್ಯಾಯಾಮದ ಚಿತ್ರಗಳು, ಕೊನೆಗೆ ಪದಸೂಚಿ. ಇದೆಲ್ಲ ಸೇರಿ ಒಟ್ಟು 15,000, ಅಂದ್ರೆ 150 ಪ್ರತಿಗಳ ಪೂರ್ತಿ ಬೆಲೆ, ಆಗತ್ತೆ ಅನ್ಕೊಳ್ಳಿ. ಆರ್ಡರ್ ಬಂದಷ್ಟೇ ಪ್ರತಿ ಅಚ್ಚು ಹಾಕೋ ಪ್ರಿಂಟ್ ಆನ್ ಡಿಮಾಂಡ್‌ನಲ್ಲಿ ಒಂದು ಪ್ರತಿಗೆ 30. ಇಲ್ಲಿ ಒಂದು ಮಾತು, ಚಿತ್ರಗಳು ಚೆನ್ನಾಗಿ ಕಾಣ್ಲಿ ಅಂತ ನಾಲ್ಕೇ ನಾಲ್ಕು ಪುಟ ಕಲರ್ ಹಾಕಿದ್ರೂ ಕೆಡಿಪಿ ಇಡೀ ಪುಸ್ತಕಕ್ಕೆ ಕಲರ್ ದರವನ್ನೇ ಹಾಕತ್ತೆ. ಅದಕ್ಕೆ ಇಂಥ ಪುಸ್ತಕಕ್ಕೆ ಫೋಟೋ ಬಿಟ್ಟು ಕಪ್ಪು ಬಿಳುಪು ಗೆರೆಚಿತ್ರ ಬರೆಸೋದು ವಾಸಿ, ಬೆನ್ನು ಎಷ್ಟು ಬಾಗಿದೆ ಅನ್ನೋದು ಗೆರೆಚಿತ್ರದಲ್ಲಿ ಫೋಟೋಗಿಂತ ಸ್ಪಷ್ಟವಾಗಿ ಕಾಣತ್ತೆ ಕೂಡ.

ಈಗ ಒಂದೇ ಪುಸ್ತಕ ಮೂರು ದಾರಿಲಿ ಮಾರಿದ್ರೆ ಮೂರು ಬೇರೆ ಬೇರೆ ಲಾಭ ಬರತ್ತೆ. ಆನ್‌ಲೈನ್ ಸ್ಟೋರ್‌ನಲ್ಲಿ 60ರಲ್ಲಿ ಪ್ರಿಂಟಿಂಗ್ 30 ಹೋಗಿ 30 ಉಳಿಯತ್ತೆ. ಪುಸ್ತಕದಂಗಡಿಗೆ ಹೋಗ್ಬೇಕು ಅಂದ್ರೆ ಇಂಗ್ರಾಮ್‌ಸ್ಪಾರ್ಕ್ ಥರದ ಸಗಟು ಜಾಲಕ್ಕೆ ಸೇರಿಸಿ 55 ಪರ್ಸೆಂಟ್ ಡಿಸ್ಕೌಂಟ್ ಕೊಡ್ಬೇಕಾಗತ್ತೆ, ಉಳಿದ 45ರಲ್ಲಿ ಪ್ರಿಂಟಿಂಗ್ ಕಳೆದ್ರೆ 15. ವರ್ಕ್‌ಶಾಪ್‌ನಲ್ಲಿ ತಾವೇ ಕೈಯಿಂದ ಕೊಟ್ರೆ ಪ್ರಿಂಟಿಂಗ್ 30, ಸಾಗಾಟ 5, ಮಿಕ್ಕಿದ್ದು 65. ಹಾಕಿದ 15,000 ವಾಪಸ್ ಬರೋಕೆ ಅಂಗಡಿ ದಾರಿಲಿ 1,000 ಪ್ರತಿ ಹೋಗ್ಬೇಕು, ಆನ್‌ಲೈನ್‌ನಲ್ಲಿ 500, ಕೈಯಿಂದ ಕೊಟ್ರೆ ಸುಮಾರು 230 ಸಾಕು. ಸೆಲ್ಫ್ ಪಬ್ಲಿಶಿಂಗ್ ಲಾಭವೋ ನಷ್ಟವೋ ಅನ್ನೋ ಪ್ರಶ್ನೆಗೆ ಉತ್ತರ ಇಲ್ಲೇ ಇರೋದು, ಎಷ್ಟು ಪ್ರತಿ ಅನ್ನೋದಕ್ಕಿಂತ ಯಾವ ದಾರಿಲಿ ಅನ್ನೋದು ಮುಖ್ಯ.

ಎರಡು ವರ್ಷದ ಲೆಕ್ಕ ಹಾಕಿದ್ರೆ, ವರ್ಕ್‌ಶಾಪ್‌ನಲ್ಲಿ 330 ಪ್ರತಿಯಿಂದ 21,450, ಆನ್‌ಲೈನ್‌ನಲ್ಲಿ ಒಂದು 100 ಪ್ರತಿ ಹೋದ್ರೆ 3,000, ಒಟ್ಟು 24,450, ಅದ್ರಲ್ಲಿ ಖರ್ಚು ಕಳೆದ್ರೆ 9,450 ಕೈಯಲ್ಲಿ ಉಳಿಯತ್ತೆ. ಮೊದಲ ಪುಸ್ತಕಕ್ಕೆ ಇದು ಕೆಟ್ಟ ಫಲಿತಾಂಶ ಏನಲ್ಲ. ಇಷ್ಟು ನೋಡಿನೇ ಎಷ್ಟೋ ಜನ ನಿರ್ಧಾರ ಮಾಡಿಬಿಡ್ತಾರೆ, ನನಗೆ ಓದುಗರು ಇದ್ದಾರೆ, ನನಗ್ಯಾಕೆ ಪ್ರಕಾಶಕರು ಅಂತ.

ಆದ್ರೆ ಇದೇ ವ್ಯಕ್ತಿ ಪ್ರಕಾಶಕರ ಹತ್ರ ಹೋದ್ರೆ ಅಂತ ಅದೇ ಶಿಸ್ತಲ್ಲಿ ಲೆಕ್ಕ ಹಾಕಿ ನೋಡಿ. ಅಡ್ವಾನ್ಸ್ 10,000 ಕೊಟ್ರು, ರಾಯಲ್ಟಿ ಬೆಲೆಯ ಏಳೂವರೆ ಪರ್ಸೆಂಟ್. ಅಡ್ವಾನ್ಸ್ ಅಂದ್ರೆ ಮುಂಗಡವಾಗಿ ಕೊಟ್ಟ ರಾಯಲ್ಟಿ, ಸುಮಾರು 1,333 ಪ್ರತಿ ಮಾರಾಟ ಆಗಿ ಅದು ತೀರೋವರೆಗೂ ಮತ್ತೆ ಒಂದು ಪೈಸೆನೂ ಬರಲ್ಲ, ಮೊದಲ ಪುಸ್ತಕಗಳಲ್ಲಿ ಎಷ್ಟೋ ಸಲ ತೀರೋದೇ ಇಲ್ಲ. ಅಡ್ವಾನ್ಸ್ ಕೂಡ ಒಟ್ಟಿಗೆ ಬರಲ್ಲ, ಸಹಿ ಹಾಕಿದಾಗ ಒಂದು ಭಾಗ, ಹಸ್ತಪ್ರತಿ ಒಪ್ಪಿಕೊಂಡಾಗ ಒಂದು, ಪುಸ್ತಕ ಹೊರಗೆ ಬಂದಾಗ ಒಂದು. ಏಜೆಂಟ್ ಮೂಲಕ ಹೋಗಿದ್ರೆ ಅದ್ರಲ್ಲಿ 15 ಪರ್ಸೆಂಟ್ ಅವ್ರಿಗೆ. ಇಲ್ಲಿವರೆಗೂ ಎಲ್ಲರಿಗೂ ಗೊತ್ತಿರೋದೇ.

ಎಲ್ಲರೂ ಕಣ್ಣು ಹಾಯಿಸದೆ ಬಿಡೋದು ಕಾಂಟ್ರಾಕ್ಟ್‌ನಲ್ಲಿ ಎಲ್ಲೋ ಕೊನೆ ಕಡೆ ಇರೋ ಲೇಖಕರ ಪ್ರತಿಗಳ ಷರತ್ತು. ಲೇಖಕರು ತಮ್ಮ ಪುಸ್ತಕವನ್ನ ಪ್ರಕಾಶಕರಿಂದ ಡಿಸ್ಕೌಂಟ್‌ನಲ್ಲಿ ಕೊಳ್ಳಬಹುದು, ಸಾಮಾನ್ಯವಾಗಿ 40 ರಿಂದ 50 ಪರ್ಸೆಂಟ್. 50 ಸಿಕ್ತು ಅನ್ಕೊಳ್ಳಿ. ಅದೇ 330 ಪ್ರತಿಯನ್ನ 50ಕ್ಕೆ ತಂದು ವರ್ಕ್‌ಶಾಪ್‌ನಲ್ಲಿ 100ಕ್ಕೆ ಕೊಟ್ರೆ 16,500, ಅಡ್ವಾನ್ಸ್ ಸೇರಿ ಎರಡು ವರ್ಷಕ್ಕೆ 26,500. ತಾವೇ ತಂದಿದ್ರೆ ಸಿಗ್ತಾ ಇದ್ದದ್ದು 9,450! ಸಣ್ಣ ಪ್ರಕಾಶಕರು ಅಡ್ವಾನ್ಸ್ ಕೊಡಲ್ಲ ಅಂದ್ರೂ, ಅಂಗಡಿಗಳಲ್ಲಿ 600 ಪ್ರತಿ ಹೋದ್ರೆ ರಾಯಲ್ಟಿ 4,500, ಒಟ್ಟು 21,000. ಕಾರಣ ಸರಳ, 15,000 ಖರ್ಚು ಬೇರೆಯೋರು ಹೊತ್ಕೊಂಡ್ರು, ಎದುರಿಗೆ ಕೂತಿರೋ ಓದುಗರು ಮಾತ್ರ ಇವ್ರಲ್ಲೇ ಉಳಿದ್ರು. ಅಂದ್ರೆ ಸ್ವಂತ ಓದುಗರು ಇದ್ದೋರು ಸೆಲ್ಫ್ ಪಬ್ಲಿಶ್ ಮಾಡ್ಬೇಕು ಅನ್ನೋ ಮಾತು ಯಾವಾಗ್ಲೂ ನಿಜ ಅಲ್ಲ, ಸ್ವಂತ ಓದುಗರು ಇರೋದು ಪ್ರಕಾಶಕರ ಜೊತೆ ಇದ್ದಾಗ್ಲೂ ಅಷ್ಟೇ ಬೆಲೆಬಾಳತ್ತೆ.

ಇದು ನಿಲ್ಲೋದು ಬಿಡೋದು ಪೂರ್ತಿ ಆ ಒಂದು ಷರತ್ತಿನ ಮೇಲೆ. ಕೆಲವು ಕಾಂಟ್ರಾಕ್ಟ್‌ಗಳಲ್ಲಿ ಲೇಖಕರು ಕೊಂಡ ಪ್ರತಿ ಸ್ವಂತಕ್ಕೆ ಮಾತ್ರ, ಮರುಮಾರಾಟ ಮಾಡೋ ಹಾಗಿಲ್ಲ ಅಂತ ಬರ್ದಿರತ್ತೆ. ಹಾಗಿದ್ರೆ 16,500 ಅಲ್ಲೇ ಅಳಿಸಿ ಹೋಯ್ತು, ಉಳಿಯೋದು ಅಡ್ವಾನ್ಸ್ ಮಾತ್ರ, ಆಗ ಎರಡು ದಾರಿ ಹೆಚ್ಚುಕಮ್ಮಿ ಸಮ ಆಗಿ ಮೂರನೇ ವರ್ಷದಿಂದ ಸ್ವಂತ ದಾರಿನೇ ಮುಂದೆ ಹೋಗತ್ತೆ. ಆದ್ದರಿಂದ ಪಾಠ ಹೇಳೋರು, ತರಬೇತಿ ಕೊಡೋರು, ಭಾಷಣಕ್ಕೆ ಹೋಗೋರು ಸಹಿ ಹಾಕೋ ಮುಂಚೆ ಮೂರು ವಿಷಯ ಬರವಣಿಗೆಯಲ್ಲಿ ಕೇಳಿ ತಗೊಳ್ಳಿ: ಡಿಸ್ಕೌಂಟ್ ಎಷ್ಟು, ತಾವೇ ಮಾರಬಹುದಾ, ಹಾಗೆ ಕೊಂಡ ಪ್ರತಿಗೂ ರಾಯಲ್ಟಿ ಉಂಟಾ. ಮೂರನೇದು ಬಹಳ ಕಡೆ ಇಲ್ಲ ಅಂತಾರೆ, ಪರವಾಗಿಲ್ಲ, ಮೊದಲ ಎರಡು ಸಿಕ್ಕಿದ್ರೆ ಸಾಕು.

ಇದೇ ಕಾಂಟ್ರಾಕ್ಟ್‌ನಲ್ಲಿ ಇನ್ನೊಂದು ಪದ ನೋಡ್ಬೇಕು, ರಾಯಲ್ಟಿ ಯಾವುದರ ಮೇಲೆ ಅನ್ನೋದು. ಮುಖಬೆಲೆಯ ಮೇಲೆ 10 ಪರ್ಸೆಂಟ್ ಅಂದ್ರೆ ಪ್ರತಿಗೆ 10. ಪ್ರಕಾಶಕರಿಗೆ ಬಂದ ನಿವ್ವಳ ಹಣದ ಮೇಲೆ 10 ಪರ್ಸೆಂಟ್ ಅಂದ್ರೆ, ಅಂಗಡಿಗೆ ಅರ್ಧ ಬೆಲೆಗೆ ಕೊಟ್ಟಿದ್ರೆ, ಪ್ರತಿಗೆ 5 ಮಾತ್ರ. ಎರಡು ಕಡೆ ಕೇಳೋಕೆ ಅದೇ 10. ಎರಡು ಆಫರ್ ಇಟ್ಕೊಂಡು ತೂಗೋವಾಗ ಇದನ್ನ ಒಂದೇ ಅಳತೆಗೆ ತಂದ್ಕೊಳ್ದೇ ಇದ್ರೆ 8 ಪರ್ಸೆಂಟ್ ಮುಖಬೆಲೆ ಬಿಟ್ಟು 12 ಪರ್ಸೆಂಟ್ ನಿವ್ವಳ ಹಿಡಿದು ಖುಷಿ ಪಡೋ ಹಾಗಾಗತ್ತೆ.

ಸರಿ, ದುಡ್ಡಿನ ಲೆಕ್ಕದಲ್ಲಿ ನಮ್ಮ ಫಿಸಿಯೋಥೆರಪಿಸ್ಟ್‌ಗೆ ಪ್ರಕಾಶಕರು ಮುಂದಿದ್ದಾರೆ, 17,050ರಷ್ಟು ಮುಂದೆ. ಕಾಲ ಕಳೆದ ಹಾಗೆ ಇದು ಕರಗತ್ತೆ, ಯಾಕಂದ್ರೆ ಸ್ವಂತ ಪುಸ್ತಕದಲ್ಲಿ ಖರ್ಚು ಒಂದೇ ಸಲ, ಆಮೇಲೆ ಪ್ರತಿ ಪುಸ್ತಕಕ್ಕೆ 65 ಬರೋ ಕಡೆ ಇಲ್ಲಿ 50 ಬರ್ತಾ ಇರತ್ತೆ, 15ರ ವ್ಯತ್ಯಾಸ. ವರ್ಷಕ್ಕೆ 165 ಪ್ರತಿ ಲೆಕ್ಕದಲ್ಲಿ ಅಂತರ ಮುಚ್ಚೋಕೆ ಇನ್ನೂ ಸುಮಾರು ಏಳು ವರ್ಷ ಬೇಕು, ಆನ್‌ಲೈನ್ ಮಾರಾಟ ಅದೇ ವೇಗದಲ್ಲಿ ಮುಂದುವರಿದ್ರೆ ನಾಲ್ಕು ವರ್ಷಕ್ಕಿಂತ ಸ್ವಲ್ಪ ಹೆಚ್ಚು. ಆದ್ರೆ ಅಷ್ಟು ವರ್ಷದಲ್ಲಿ ಇಂಥ ಪುಸ್ತಕ ಹಳೇದಾಗಿರತ್ತೆ. ಯಾವ ವ್ಯಾಯಾಮ ಮಾಡಿಸ್ಬೇಕು ಯಾವುದು ಬೇಡ ಅನ್ನೋದು ಅಷ್ಟರಲ್ಲಿ ಬದಲಾಗತ್ತೆ, ತಿದ್ದಿ ಹೊಸ ಆವೃತ್ತಿ ತರ್ಬೇಕಾಗತ್ತೆ. ಅಲ್ಲಿಂದ ಹಿಡಿತ ಯಾರದ್ದು ಅನ್ನೋ ವಿಷಯ ಶುರು.

ಹಿಡಿತ ಅಂದ ತಕ್ಷಣ ಎಲ್ಲರೂ ಮುಖಪುಟ, ಶೀರ್ಷಿಕೆ ಬಗ್ಗೆ ಯೋಚಿಸ್ತಾರೆ. ನಿಜ, ಪ್ರಕಾಶಕರು ಹೆಚ್ಚೆಂದ್ರೆ ನಿಮ್ಮ ಅಭಿಪ್ರಾಯ ಕೇಳ್ತೀವಿ ಅಂತ ಬರೀತಾರೆ, ಕೊನೆ ತೀರ್ಮಾನ ಅವ್ರದ್ದೇ. ಇದು ಬೇಜಾರಿನ ವಿಷಯ ಇರಬಹುದು, ಆದ್ರೆ ಬಹಳ ಸಲ ಅವ್ರಿಗೆ ಆ ಕೆಲಸ ನಮಗಿಂತ ಚೆನ್ನಾಗಿ ಗೊತ್ತಿರತ್ತೆ. ನಾನ್‌ಫಿಕ್ಷನ್ ಲೇಖಕರಿಗೆ ನಿಜವಾಗ್ಲೂ ಕೈ ಕಟ್ಟೋದು ಬೇರೆ ಮೂರು ಷರತ್ತುಗಳು.

ಒಂದು, ಪೈಪೋಟಿ ಮಾಡೋ ಹಾಗಿಲ್ಲ ಅನ್ನೋದು. ಇದೇ ವಿಷಯದ ಮೇಲೆ ಬೇರೆ ಕೃತಿ ಪ್ರಕಟಿಸೋ ಹಾಗಿಲ್ಲ ಅಂತ ಸಡಿಲವಾಗಿ ಬರ್ದಿದ್ರೆ ವರ್ಕ್‌ಶಾಪ್‌ನಲ್ಲಿ ಹಂಚೋ ಕೈಪಿಡಿ, ಆನ್‌ಲೈನ್ ಕೋರ್ಸ್‌ನ ನೋಟ್ಸ್ ಎಲ್ಲ ಅದರೊಳಗೆ ಬಂದುಬಿಡಬಹುದು, ಅಂದ್ರೆ ಅವ್ರ ಹೊಟ್ಟೆಪಾಡಿಗೇ ಕುತ್ತು. ಇದನ್ನ ಪೂರ್ತಿ ತೆಗೆಸೋಕೆ ಆಗ್ದೇ ಇದ್ರೂ ಚಿಕ್ಕದು ಮಾಡಿಸಬಹುದು, ಇದೇ ಓದುಗರಿಗಾಗಿ ಇದೇ ಹೂರಣದ ಪುಸ್ತಕ ಮಾತ್ರ, ಇಷ್ಟು ವರ್ಷ ಮಾತ್ರ, ಪಾಠ ಭಾಷಣ ಕೋರ್ಸ್ ಇದಕ್ಕೆ ಸೇರಲ್ಲ ಅಂತ. ಕೇಳಿದ್ರೆ ಪ್ರಕಾಶಕರು ಸಾಮಾನ್ಯವಾಗಿ ಒಪ್ತಾರೆ, ಯಾಕಂದ್ರೆ ವರ್ಕ್‌ಶಾಪ್ ಇದ್ರೇನೇ ಪುಸ್ತಕ ಹೋಗೋದು ಅಂತ ಅವ್ರಿಗೂ ಗೊತ್ತು.

ಎರಡು, ಪರಿಷ್ಕೃತ ಆವೃತ್ತಿ. ಲೇಖಕರು ತಿದ್ದಿಕೊಡ್ದೇ ಇದ್ರೆ ಬೇರೆಯೋರ ಕೈಲಿ ತಿದ್ದಿಸ್ತೀವಿ, ಅದರ ಖರ್ಚು ನಿಮ್ಮ ರಾಯಲ್ಟಿಯಿಂದ ಕಳೀತೀವಿ ಅಂತ ಇರತ್ತೆ. ಬೇರೆಯೋರು ತಿದ್ದಿದ ಬೆನ್ನುನೋವಿನ ಸಲಹೆ ನಿಮ್ಮ ಹೆಸರಲ್ಲಿ ಹೊರಗೆ ಹೋಗತ್ತೆ, ವೈದ್ಯಕೀಯ, ಕಾನೂನು, ಹಣಕಾಸು ಬರೆಯೋರಿಗೆ ಇದು ಸಣ್ಣ ವಿಷಯ ಅಲ್ಲ. ನನ್ನ ಹೆಸರು ತೆಗೆಸೋ ಹಕ್ಕು ನನಗಿರ್ಬೇಕು ಅಂತ ಸೇರಿಸೋಕೆ ಹೇಳಿ. ಸ್ವಂತ ಪ್ರಕಟಣೆಲಿ ಈ ತಲೆನೋವೇ ಇಲ್ಲ, ಇವತ್ತು ಒಂದು ಪ್ಯಾರಾ ತಪ್ಪು ಅಂತ ಗೊತ್ತಾದ್ರೆ ತಿದ್ದಿದ ಫೈಲ್ ಅಪ್‌ಲೋಡ್ ಮಾಡಿದ್ರಾಯ್ತು, ಪರಿಶೀಲನೆ ಮುಗಿದ್ಮೇಲೆ ಅಚ್ಚಾಗೋ ಪ್ರತಿಗಳೆಲ್ಲ ಸರಿಯಾಗಿರತ್ತೆ. ವರ್ಷಕ್ಕೊಂದು ಸಲ ನಿಯಮ ಬದಲಾಗೋ ತೆರಿಗೆ ಥರದ ವಿಷಯ, ತಿಂಗಳಿಗೊಂದು ಸಲ ಬದಲಾಗೋ ಸಾಫ್ಟ್‌ವೇರ್ ವಿಷಯ ಬರೆಯೋರಿಗೆ ಇದೊಂದೇ ಕಾರಣಕ್ಕೆ ನಾನು ಸೆಲ್ಫ್ ಪಬ್ಲಿಶಿಂಗ್ ಕಡೆಗೇ ಕೈ ತೋರಿಸ್ತೀನಿ, ಪ್ರಕಾಶಕರ ಹತ್ರ ಸಹಿ ಆದ್ಮೇಲೂ ಪುಸ್ತಕ ಹೊರಗೆ ಬರೋಕೆ ಒಂದರಿಂದ ಎರಡು ವರ್ಷ ಹಿಡಿಯೋದು ಮಾಮೂಲಿ, ಅಷ್ಟರಲ್ಲಿ ಬರೆದಿದ್ದೇ ಹಳಸಿರತ್ತೆ.

ಮೂರು, ಹಕ್ಕು ವಾಪಸ್ ಬರೋದು. ಪುಸ್ತಕದ ಪ್ರತಿಗಳು ಮುಗಿದು ಮರುಮುದ್ರಣ ಆಗ್ದೇ ಇದ್ರೆ ಹಕ್ಕು ಲೇಖಕರಿಗೆ ವಾಪಸ್ ಅಂತ ಕಾಂಟ್ರಾಕ್ಟ್‌ನಲ್ಲಿ ಇರತ್ತೆ. ಹಿಂದೆ ಇದು ಸರಿಯಿತ್ತು, ಈಗ ಇ-ಬುಕ್, ಪ್ರಿಂಟ್ ಆನ್ ಡಿಮಾಂಡ್ ಇರೋವಾಗ ಪ್ರತಿ ಮುಗಿಯೋದು ಅನ್ನೋದೇ ಇಲ್ಲ, ವರ್ಷಕ್ಕೆ ಮೂರು ಪ್ರತಿ ಹೋದ್ರೂ ಪುಸ್ತಕ ಲಭ್ಯ ಇದೆ ಅಂತಾನೇ ಲೆಕ್ಕ. ಅದಕ್ಕೆ ಒಂದು ಸಂಖ್ಯೆ ಬರೆಸಿ, ಸತತ 12 ತಿಂಗಳಲ್ಲಿ ಇಷ್ಟು ಪ್ರತಿಗಿಂತ ಕಡಿಮೆ ಮಾರಾಟ ಆದ್ರೆ ಲೇಖಕರು ಕೇಳಿದ ತಕ್ಷಣ ಹಕ್ಕು ವಾಪಸ್ ಅಂತ. ಆ ಸಂಖ್ಯೆ 100 ಇರ್ಲಿ 200 ಇರ್ಲಿ, ಒಂದು ಸಂಖ್ಯೆ ಇರ್ಬೇಕು ಅಷ್ಟೇ.

ಇನ್ನು ಎಷ್ಟು ದೂರ ತಲುಪತ್ತೆ ಅನ್ನೋ ವಿಷಯ. ಸೆಲ್ಫ್ ಪಬ್ಲಿಶಿಂಗ್ ಸೇವೆಗಳು ನಿಮ್ಮ ಪುಸ್ತಕ ಸಾವಿರಾರು ಅಂಗಡಿಗೆ ಲಭ್ಯ ಅಂತ ಹೇಳ್ತಾರೆ, ಅದು ಸುಳ್ಳಲ್ಲ, ಆದ್ರೆ ಅದರರ್ಥ ಯಾರಾದ್ರೂ ಗ್ರಾಹಕರು ಹೆಸರು ಹೇಳಿ ಕೇಳಿದ್ರೆ ಅಂಗಡಿಯೋರು ತರಿಸಿಕೊಡಬಹುದು ಅಂತ ಮಾತ್ರ, ಶೆಲ್ಫ್ ಮೇಲೆ ಇರತ್ತೆ ಅಂತ ಅಲ್ಲ. ಶೆಲ್ಫ್ ಮೇಲೆ ಇಡೋಕೆ ಅಂಗಡಿಯೋರಿಗೆ ದೊಡ್ಡ ಡಿಸ್ಕೌಂಟ್ ಜೊತೆಗೆ ಮಾರಾಟ ಆಗ್ದೇ ಇದ್ರೆ ವಾಪಸ್ ಕಳ್ಸೋ ಅವಕಾಶ ಬೇಕು. ಸ್ವಂತ ಪುಸ್ತಕಕ್ಕೆ ಆ ವಾಪಸಾತಿ ಒಪ್ಕೊಂಡ್ರೆ ವಾಪಸ್ ಬಂದ ಒಂದೊಂದು ಪ್ರತಿ ಖರ್ಚೂ ನಿಮ್ಮ ತಲೆ ಮೇಲೆ. ನೂರು ಪ್ರತಿ ಹೋಗಿ ಎಪ್ಪತ್ತು ವಾಪಸ್ ಬಂದ್ರೆ ಪ್ರತಿಗೆ 15ರ ಲಾಭದಲ್ಲಿ ಅದನ್ನ ತಡ್ಕೊಳ್ಳೋಕೆ ಸಾಧ್ಯನೇ ಇಲ್ಲ. ಅಂಗಡಿ ದಾರಿ ಪ್ರಕಾಶಕರ ದಾರಿ, ಇದನ್ನ ಮೊದಲೇ ಒಪ್ಕೊಂಡು ಸ್ವಂತ ಪುಸ್ತಕವನ್ನ ಆನ್‌ಲೈನ್, ನೇರ ಮಾರಾಟಕ್ಕೆ ಅಂತಾನೇ ರೂಪಿಸಿದ್ರೆ ನಷ್ಟ ಕಡಿಮೆ.

ಹಾಗಂತ ಎಲ್ಲ ಪ್ರಕಾಶಕರೂ ಅಂಗಡಿಗೆ ತಲುಪಿಸ್ತಾರೆ ಅಂತ ನಂಬಬೇಡಿ. ಪರೀಕ್ಷೆ ಮಾಡೋ ದಾರಿ ಸುಲಭ ಇದೆ. ಆ ಪ್ರಕಾಶಕರು ಎರಡು ವರ್ಷದ ಹಿಂದೆ ತಂದಿರೋ, ಹೊಸ ಲೇಖಕರ ಮೂರು ಪುಸ್ತಕ ಆರಿಸ್ಕೊಳ್ಳಿ, ಹೆಸರಾದ ಲೇಖಕರದ್ದು ಬೇಡ. ಅವು ಅಂಗಡಿಲಿ ಕಣ್ಣಿಗೆ ಬೀಳ್ತಾವಾ ನೋಡಿ, ಎಷ್ಟು ಲೈಬ್ರರಿಗಳಲ್ಲಿವೆ ಅಂತ ಲೈಬ್ರರಿಗಳ ಜಂಟಿ ಆನ್‌ಲೈನ್ ಪಟ್ಟಿ ವರ್ಲ್ಡ್‌ಕ್ಯಾಟ್‌ನಲ್ಲಿ ಹುಡುಕಿ, ಆ ಲೇಖಕರಿಗೇ ಒಂದು ಮೇಲ್ ಹಾಕಿ ರಾಯಲ್ಟಿ ಸ್ಟೇಟ್‌ಮೆಂಟ್ ಹೊತ್ತಿಗೆ ಸರಿಯಾಗಿ ಬರತ್ತಾ ಅಂತ ಕೇಳಿ. ಮೂರೂ ಪುಸ್ತಕ ಆನ್‌ಲೈನ್ ಬಿಟ್ಟು ಬೇರೆಲ್ಲೂ ಕಾಣ್ದೇ ಇದ್ರೆ ಆ ಪ್ರಕಾಶಕರು ಕೊಡ್ತಾ ಇರೋದು ಎಡಿಟಿಂಗ್ ಮತ್ತೆ ಪ್ರಿಂಟಿಂಗ್ ಮಾತ್ರ, ಅದಕ್ಕೆ ಎಷ್ಟು ಹಕ್ಕು ಬಿಟ್ಕೊಡ್ಬೇಕು ಅಂತ ನೀವೇ ತೂಗಿ ನೋಡಿ.

ಇದರ ನಡುವೆ ಮೂರನೇ ಥರದೋರು ಬರ್ತಾರೆ, ನಿಮ್ಮ ಹಸ್ತಪ್ರತಿ ನಮಗೆ ಬಹಳ ಇಷ್ಟ ಆಯ್ತು, ನಾವೇ ಪ್ರಕಟಿಸ್ತೀವಿ, ಈ ಪ್ಯಾಕೇಜ್ ಆರಿಸ್ಕೊಳ್ಳಿ ಅಂತ. ದುಡ್ಡು ಲೇಖಕರಿಂದ ಪ್ರಕಾಶಕರ ಕಡೆಗೆ ಹೋಗ್ತಾ ಇದೆ ಅಂದ್ರೆ ಅದು ಸೇವೆ ಮಾರೋ ವ್ಯಾಪಾರ. ಸೇವೆ ಕೊಳ್ಳೋದ್ರಲ್ಲಿ ತಪ್ಪಿಲ್ಲ, ಆದ್ರೆ ದುಡ್ಡೂ ನಿಮ್ಮದು ಹಕ್ಕೂ ಅವ್ರದ್ದು ಅನ್ನೋ ವ್ಯವಹಾರಕ್ಕೆ ಮಾತ್ರ ಸಹಿ ಹಾಕಬೇಡಿ. ಪುಸ್ತಕವನ್ನ ಗುರುತಿಸೋ ನಂಬರ್ ಐಎಸ್‌ಬಿಎನ್ ಯಾರ ಹೆಸರಲ್ಲಿ, ಮುಖಪುಟ ಮತ್ತು ಒಳಪುಟದ ಮೂಲ ಫೈಲ್‌ಗಳು ನಿಮಗೆ ಸಿಗ್ತಾವಾ, ಇಷ್ಟು ಪ್ರತಿ ಕೊಳ್ಳಲೇಬೇಕು ಅನ್ನೋ ಷರತ್ತು ಇದೆಯಾ, ಬಿಟ್ಟು ಹೊರಗೆ ಬರೋದು ಹೇಗೆ, ಇವಕ್ಕೆ ನೇರ ಉತ್ತರ ಬರ್ದೇ ಇದ್ರೆ ದೂರ ಇರಿ. ಅಂದ ಹಾಗೆ ಐಎಸ್‌ಬಿಎನ್ ವಿಷಯ ಕೆಡಿಪಿಗೂ ಅನ್ವಯ, ಅಲ್ಲಿ ಫ್ರೀಯಾಗಿ ಕೊಡೋ ನಂಬರನ್ನ ಬೇರೆ ಕಡೆ ಬಳಸೋಕಾಗಲ್ಲ, ಮುಂದೆ ಸಗಟು ಜಾಲಕ್ಕೂ ಹಾಕೋ ಯೋಚನೆ ಇದ್ರೆ ಮೊದಲೇ ಸ್ವಂತ ನಂಬರ್ ಮಾಡಿಸ್ಕೊಳ್ಳಿ. ಇ-ಬುಕ್ಕನ್ನ ಅಮೆಜಾನ್‌ಗೆ ಮಾತ್ರ ಮೀಸಲಿಡೋ ಕೆಡಿಪಿ ಸೆಲೆಕ್ಟ್ ಯೋಜನೆಗೆ ಸೇರಿಸಿದ್ರೆ ಒಂದೊಂದು ಸಲಕ್ಕೆ 90 ದಿನ ಅದರ ಡಿಜಿಟಲ್ ಪ್ರತಿ ಬೇರೆಲ್ಲೂ ಇಡೋ ಹಾಗಿಲ್ಲ, ವರ್ಕ್‌ಶಾಪ್‌ಗೆ ಬಂದೋರಿಗೆ ಪಿಡಿಎಫ್ ಕೊಡೋದೂ ಅದಕ್ಕೆ ವಿರುದ್ಧನೇ.

ಈಗ ಯಾವುದನ್ನ ಮೊದಲು ಮಾಡ್ಬೇಕು ಅನ್ನೋದು. ನಾನ್‌ಫಿಕ್ಷನ್‌ಗೆ ಒಂದು ಅನುಕೂಲ ಇದೆ, ಕಾದಂಬರಿ ಥರ ಪೂರ್ತಿ ಬರೆದು ಮುಗಿಸೋವರೆಗೂ ಕಾಯ್ಬೇಕಿಲ್ಲ, ಪ್ರಪೋಸಲ್ ಕಳ್ಸಿದ್ರೆ ಸಾಕು. ಪುಸ್ತಕ ಏನು, ಯಾರಿಗೆ, ಇದೇ ಥರದ ಯಾವ್ಯಾವ ಪುಸ್ತಕ ಈಗಾಗ್ಲೇ ಇವೆ ಇದು ಹೇಗೆ ಬೇರೆ, ನಿಮ್ಮನ್ನ ಓದುಗರು ಎಲ್ಲಿ ಕಾಣ್ತಾರೆ, ಅಧ್ಯಾಯಗಳ ಸಾರಾಂಶ, ಮಾದರಿಗೆ ಒಂದೆರಡು ಅಧ್ಯಾಯ. ನಮ್ಮ ಫಿಸಿಯೋಥೆರಪಿಸ್ಟ್ ಇಲ್ಲಿ ವರ್ಷಕ್ಕೆ 500 ಜನರ ಲೆಕ್ಕವನ್ನ ಮುಂದೆ ಇಡ್ಬೇಕು, ಪ್ರಕಾಶಕರು ಮೊದಲು ಹುಡುಕೋದೇ ಅದನ್ನ. ಈ ದಾರಿ ಮೊದಲು ಹಿಡಿಯೋಕೆ ಬಲವಾದ ಕಾರಣ ಏನಂದ್ರೆ ಎರಡು ಬಾಗಿಲು ಒಂದೇ ಥರ ತೆರೆಯಲ್ಲ. ಪ್ರಕಾಶಕರು ಬೇಡ ಅಂದ್ಮೇಲೆ ಸ್ವಂತ ಪ್ರಕಟಿಸೋಕೆ ಏನೂ ಅಡ್ಡಿ ಇಲ್ಲ. ಆದ್ರೆ ಒಂದು ಸಲ ಸ್ವಂತ ಪ್ರಕಟಿಸಿ ಮಾರಾಟ ಕಡಿಮೆ ಆಗಿದ್ರೆ ಅದೇ ಪುಸ್ತಕವನ್ನ ಬೇರೆ ಪ್ರಕಾಶಕರು ಮುಟ್ಟೋದು ಅಪರೂಪ, ಎಷ್ಟು ಹೋಯ್ತು ಅಂತ ಕೇಳ್ದೇ ಮುಂದಕ್ಕೆ ಹೋಗಲ್ಲ.

ಆದ್ರೆ ಗಡುವು ಇಟ್ಕೊಳ್ಳಿ. ಎಷ್ಟೋ ಪ್ರಕಾಶಕರು ಉತ್ತರನೇ ಕೊಡಲ್ಲ, ಕಾಯೋದೇ ಕೆಲಸ ಆಗ್ಬಿಡತ್ತೆ. ಒಬ್ಬರಿಗೆ ಕಳ್ಸಿ ಕೂರೋ ಬದಲು, ಅವ್ರ ನಿಯಮ ಒಪ್ಪಿದ್ರೆ, ಐದಾರು ಕಡೆ ಒಟ್ಟಿಗೆ ಕಳ್ಸಿ ಆರೇಳು ತಿಂಗಳು ಅಂತ ನಿಗದಿ ಮಾಡ್ಕೊಳ್ಳೋದು ಒಳ್ಳೇದು. ಆ ಹೊತ್ತಲ್ಲಿ ಉಳಿದ ಅಧ್ಯಾಯ ಮುಗಿಸಿ, ಮೂರು ಎಡಿಟರ್‌ಗಳಿಗೆ ಒಂದೇ ಹತ್ತು ಪುಟ ಕೊಟ್ಟು ಮಾದರಿ ತಿದ್ದುಪಡಿ ಮತ್ತು ಕೊಟೇಶನ್ ತರಿಸಿ, ಗೆರೆಚಿತ್ರಗಳನ್ನ ಬರೆಸೋದಾದ್ರೆ ಹಕ್ಕು ನಿಮ್ಮ ಹೆಸರಲ್ಲಿ ಬರೋ ಹಾಗೆ ಒಪ್ಪಂದ ಮಾಡ್ಕೊಳ್ಳಿ, ಪ್ರಕಾಶಕರು ಸಿಕ್ಕಿದ್ರೂ ಚಿತ್ರದ ಪರ್ಮಿಶನ್ ಸಾಮಾನ್ಯವಾಗಿ ಲೇಖಕರ ಜವಾಬ್ದಾರಿನೇ. ಗಡುವು ಮುಗಿಯೋ ದಿನ ಕೈಯಲ್ಲಿ ಒಂದು ಆಫರ್ ಇದ್ರೆ ಲೇಖಕರ ಪ್ರತಿಗಳ ಷರತ್ತು, ಪೈಪೋಟಿ ಷರತ್ತು, ಹಕ್ಕು ವಾಪಸಾತಿ ಮೂರನ್ನೂ ಕೂಡಿಸಿ ಒಂದೇ ಮೇಲ್‌ನಲ್ಲಿ ಕೇಳಿ, ಪುಸ್ತಕದ ಕಾಂಟ್ರಾಕ್ಟ್ ಗೊತ್ತಿರೋ ವಕೀಲರಿಗೆ ಒಂದು ಸಲ ತೋರಿಸಿ. ಆಫರ್ ಇಲ್ಲದೇ ಇದ್ರೆ ಹಸ್ತಪ್ರತಿ, ಎಡಿಟರ್, ಚಿತ್ರ ಮೂರೂ ರೆಡಿ ಇರತ್ತೆ, ಪ್ರಪೋಸಲ್‌ಗೆ ಬರ್ದಿದ್ದ ಪುಸ್ತಕ ಯಾರಿಗೆ ಅನ್ನೋ ಭಾಗವನ್ನೇ ಸ್ವಲ್ಪ ತಿದ್ದಿ ಬೆನ್ನುಡಿಗೆ ಹಾಕಿ, ಮುಂದಿನ ಐದಾರು ವರ್ಕ್‌ಶಾಪ್‌ಗೆ ಎಷ್ಟು ಪ್ರತಿ ಬೇಕು ಅಂತ ನೋಡಿ 50 ಪ್ರತಿಗೆ ಆರ್ಡರ್ ಹಾಕಿ.